ದೊಡ್ಡಪ್ಪನ ಕಣ್ಣು ಮೂರನೇ ಫೋಟೊದಲ್ಲಿತ್ತು

ಮನೆಯವರೆಲ್ಲ ಸೇರಿದ್ದಾಗ ತೆಗೆದ ಗ್ರೂಪ್ ಫೋಟೊ. ಒಟ್ಟು 14 ಜನ. ಒಂದರ ಹಿಂದೆ ಒಂದು ಕ್ಲಿಕ್ಕಿಸಿದ ನಾಲ್ಕು ಫ್ರೇಮ್‌ಗಳನ್ನು ಅಣ್ಣ ನನಗೆ ಕಳಿಸಿ, "ಒಂದರಲ್ಲೂ ಎಲ್ಲರ ಕಣ್ಣು ತೆರೆದಿಲ್ಲ ಕಣೋ, ಏನಾದ್ರೂ ಮಾಡು" ಅಂದ.

ಇದಕ್ಕೊಂದು ಲೆಕ್ಕವೇ ಇದೆ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಮಾಡಿದ ಲೆಕ್ಕ ಅದು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನವೂ 2006ರಲ್ಲಿ ಗಣಿತ ವಿಭಾಗದಲ್ಲಿ ಅವರಿಗೆ ಬಂತು. ಗುಂಪಿನಲ್ಲಿ 20ಕ್ಕಿಂತ ಕಡಿಮೆ ಜನ ಇದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಅಷ್ಟು ಫೋಟೊ ತೆಗೆಯಿರಿ. ಬೆಳಕು ಕಮ್ಮಿ ಇದ್ದರೆ ಎರಡರಿಂದ ಭಾಗಿಸಿ. ಹಾಗೆ ಮಾಡಿದರೆ ಯಾರೂ ರೆಪ್ಪೆ ಮುಚ್ಚದ ಒಂದು ಫೋಟೊ ಸಿಗೋದು ಹೆಚ್ಚುಕಡಿಮೆ ಖಚಿತ. ನಮಗೆ ಐದು ಬೇಕಿತ್ತು, ಇದ್ದದ್ದು ನಾಲ್ಕು. ಆದರೆ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಕಣ್ಣು ಎರವಲು ತರುವವರಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಒಬ್ಬೊಬ್ಬರ ಕಣ್ಣು ಯಾವುದಾದರೂ ಒಂದು ಫ್ರೇಮ್‌ನಲ್ಲಿ ತೆರೆದಿದ್ದರೆ ಸಾಕು.

ಮೊದಲು ಯಾವ ಫ್ರೇಮನ್ನು ತಳಕ್ಕೆ ಇಟ್ಟುಕೊಳ್ಳಬೇಕು ಅಂತ ತೀರ್ಮಾನ ಆಗಬೇಕು. ಜಾಸ್ತಿ ಜನರ ಕಣ್ಣು ತೆರೆದಿರುವುದನ್ನೇ ಆರಿಸೋಣ ಅನ್ನಿಸುತ್ತದೆ. ನಾನು ಹಾಗೆ ಮಾಡಲ್ಲ. ಯಾರನ್ನು ಸರಿಪಡಿಸೋದು ಕಷ್ಟವೋ ಅವರು ಚೆನ್ನಾಗಿ ಬಂದಿರುವುದನ್ನು ಆರಿಸುತ್ತೇನೆ. ಇಲ್ಲಿ ಕಷ್ಟದವಳು ದೊಡ್ಡಪ್ಪನ ತೊಡೆಯ ಮೇಲಿದ್ದ ಪುಟ್ಟ ಹುಡುಗಿ. ಎರಡನೇ ಫ್ರೇಮ್‌ನಲ್ಲಿ ಮಾತ್ರ ಅವಳು ಕ್ಯಾಮೆರಾ ನೋಡುತ್ತಿದ್ದಳು. ಹಾಗಾಗಿ ಎರಡನೆಯದೇ ತಳವಾಯಿತು. ಅದರಲ್ಲಿ ಅತ್ತಿಗೆ, ದೊಡ್ಡಪ್ಪ ಮತ್ತು ಹಿಂದಿನ ಸಾಲಿನ ಚಿಕ್ಕಪ್ಪನ ಮಗ, ಮೂವರದ್ದೂ ಕಣ್ಣು ಮುಚ್ಚಿತ್ತು.

ನಾನು ಬಳಸೋದು ಜಿಂಪ್ ಅನ್ನೋ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್. `File > Open as Layers` ಕೊಟ್ಟರೆ ಇನ್ನೊಂದು ಫ್ರೇಮ್ ತಳದ ಫೋಟೊದ ಮೇಲೆ ಲೇಯರ್ ಆಗಿ ಕೂರುತ್ತದೆ. ಅತ್ತಿಗೆಯಿಂದ ಶುರು ಮಾಡಿದೆ. ನಾಲ್ಕನೇ ಫ್ರೇಮ್‌ನಲ್ಲಿ ಅವರ ಕಣ್ಣು ದೊಡ್ಡದಾಗಿ, ಸ್ಪಷ್ಟವಾಗಿ ತೆರೆದಿತ್ತು. ಆದರೂ ಅದು ಬೇಡ ಅನ್ನಿಸಿತು. ತಳದ ಫೋಟೊದಲ್ಲಿ ಅತ್ತಿಗೆ ಬಾಯಿ ತುಂಬ ನಗುತ್ತಿದ್ದಾರೆ. ನಗುವಾಗ ಕೆನ್ನೆ ಮೇಲಕ್ಕೆ ಬಂದು ಕೆಳರೆಪ್ಪೆಯನ್ನು ಒತ್ತುತ್ತದೆ, ಕಣ್ಣು ಕಿರಿದಾಗುತ್ತದೆ. ನಗದಿರುವ ಮುಖದ ಅಗಲ ಕಣ್ಣನ್ನು ತಂದು ಆ ನಗುವಿನ ಮೇಲೆ ಕೂರಿಸಿದರೆ ಬೆಚ್ಚಿಬಿದ್ದವರ ಹಾಗೆ ಕಾಣುತ್ತಾರೆ. ಮೊದಲನೇ ಫ್ರೇಮ್‌ನಲ್ಲಿ ಅವರ ಕಣ್ಣು ಅಷ್ಟು ಅಗಲ ಇರಲಿಲ್ಲ, ಆದರೆ ನಗು ಇತ್ತು. ಅದನ್ನೇ ತಗೊಂಡೆ.

ತಲೆ ಎಷ್ಟು ತಿರುಗಿದೆ ಅನ್ನೋದನ್ನೂ ನೋಡಬೇಕು. ಅದಕ್ಕೆ ನಾನು ಕಿವಿ ನೋಡುತ್ತೇನೆ. ಒಂದು ಫ್ರೇಮ್‌ನಲ್ಲಿ ಕಾಣುವ ಕಿವಿ ಇನ್ನೊಂದರಲ್ಲಿ ಮರೆಯಾಗಿದ್ದರೆ ಆ ಕಣ್ಣು ಇಲ್ಲಿ ಹೊಂದಲ್ಲ, ಎಷ್ಟು ಎಳೆದಾಡಿದರೂ ಅಷ್ಟೇ. ಅತ್ತಿಗೆಯ ಎರಡೂ ಕಿವಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇದ್ದವು.

ಇನ್ನು ಕೂರಿಸುವ ಕೆಲಸ. ಇಡೀ ಫೋಟೊವನ್ನು ಹೊಂದಿಸಲು ಹೋಗಬಾರದು. ಒಬ್ಬೊಬ್ಬರೂ ಒಂದೊಂದು ಕಡೆ ವಾಲಿರುತ್ತಾರೆ, ಒಬ್ಬರು ಸರಿಹೋದರೆ ಪಕ್ಕದವರು ತಪ್ಪುತ್ತಾರೆ. ಒಂದೇ ಮುಖಕ್ಕೆ ಹೊಂದಿಸಬೇಕು. ಹಿಡಿಯಬೇಕಾದ ಗುರುತು ಮೂಗಿನ ಪಕ್ಕದ ಕಣ್ಣಿನ ಮೂಲೆಗಳು. ಕಣ್ಣು ಮುಚ್ಚಿದರೂ ಆ ಮೂಲೆ ಜಾಗ ಬಿಟ್ಟು ಕದಲೋದು ತೀರಾ ಕಮ್ಮಿ. ಎರಡು ಮೂಲೆಗಳ ನಡುವಿನ ಅಂತರ ನೋಡಿದರೆ ಗಾತ್ರ ಗೊತ್ತಾಗುತ್ತದೆ, ಅವುಗಳ ಓರೆ ನೋಡಿದರೆ ಎಷ್ಟು ತಿರುಗಿಸಬೇಕು ಅಂತ ಗೊತ್ತಾಗುತ್ತದೆ. ಮೇಲಿನ ಲೇಯರ್‌ನ ಮೋಡ್ ಅನ್ನು `Difference` ಮಾಡಿದರೆ ಎರಡೂ ಒಂದೇ ಆಗಿರುವ ಜಾಗ ಕಪ್ಪಾಗುತ್ತದೆ. ಮೂಗು ಮತ್ತು ಹಣೆ ಆದಷ್ಟು ಕಪ್ಪಾಗುವ ತನಕ ಸರಿಸಿ, ಮತ್ತೆ `Normal`ಗೆ ಬಂದೆ.

ಆಮೇಲೆ `Layer > Mask > Add Layer Mask`, ಅದರಲ್ಲಿ `Black (full transparency)`. ಮೇಲಿನ ಲೇಯರ್ ಪೂರ್ತಿ ಮಾಯ. ಮಾಸ್ಕ್ ಮೇಲೆ ಬಿಳಿ ಬಣ್ಣದ ಮೆತ್ತನೆ ಬ್ರಷ್ ಆಡಿಸಿದಷ್ಟು ಜಾಗ ಮಾತ್ರ ಕಾಣಿಸುತ್ತದೆ. ಎಷ್ಟು ಜಾಗ ತೆರೆಯಬೇಕು ಅನ್ನೋದೇ ಇಲ್ಲಿನ ಕಸುಬು. ಕಣ್ಣುಗುಡ್ಡೆಯ ಸುತ್ತ ಮಾತ್ರ ಬಳಿದರೆ ಗೊಂಬೆಯ ಕಣ್ಣಾಗುತ್ತದೆ. ಕಣ್ಣು ತೆರೆದಾಗ ರೆಪ್ಪೆ ಮೇಲೆ ಮಡಚಿ ಒಂದು ಗೆರೆ ಬೀಳುತ್ತದೆ, ಕೆಳಗಿನ ಚರ್ಮವೂ ಸ್ವಲ್ಪ ಬದಲಾಗುತ್ತದೆ. ಅದೆಲ್ಲವೂ ಕಣ್ಣಿನ ಜೊತೆಗೇ ಬರಬೇಕು. ಹಾಗಾಗಿ ಹುಬ್ಬಿನ ಕೆಳಗಿನಿಂದ ಕೆನ್ನೆ ಶುರುವಾಗುವ ತನಕ ತೆರೆದೆ. ಅಂಚು ಸಾದಾ ಚರ್ಮದ ಮೇಲೆ ಕರಗಬೇಕು, ಹುಬ್ಬಿನ ಕೂದಲ ನಡುವೆ ಅಲ್ಲ.

ಮೊದಲನೇ ಫ್ರೇಮ್ ತೆಗೆಯುವಾಗ ಮೋಡ ಅಡ್ಡ ಬಂದಿತ್ತು, ಕಣ್ಣಿನ ಸುತ್ತ ಕೊಂಚ ಕಪ್ಪು. `Curves` ತೆರೆದು ಅಕ್ಕಪಕ್ಕದ ಚರ್ಮಕ್ಕೆ ಹೊಂದುವ ತನಕ ಬೆಳಕು ಏರಿಸಿದೆ. ಕಣ್ಣಿನ ಬಿಳಿಯನ್ನು ಅಳತೆಗೆ ಇಟ್ಟುಕೊಂಡರೆ ಅದು ಬಲ್ಬಿನ ಹಾಗೆ ಹೊಳೆಯುತ್ತದೆ. ಹೀಗೆ ಮಾಡುವಾಗ ಮಾಸ್ಕ್ ಬದಲು ಲೇಯರ್‌ನ ಚಿತ್ರವೇ ಆಯ್ಕೆಯಾಗಿದೆಯಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಬದಲಾಗೋದು ಬೆಳಕಲ್ಲ, ಮಾಸ್ಕ್.

ಅತ್ತಿಗೆ ಫೋಟೊ ನೋಡಿ, "ಇದು ನನ್ನ ಕಣ್ಣೇ ತಾನೇ? ಬೇರೆ ಯಾರದ್ದೂ ತಂದು ಹಾಕಿಲ್ಲ ತಾನೇ?" ಅಂತ ಕೇಳಿದರು. ಅವರದ್ದೇ ಅಂತ ಮೊದಲನೇ ಫ್ರೇಮ್ ತೋರಿಸಬೇಕಾಯಿತು.

ದೊಡ್ಡಪ್ಪನದ್ದು ಬೇರೆಯೇ ಕಥೆ, ಅವರಿಗೆ ಕನ್ನಡಕ. ಸಾಮಾನ್ಯವಾಗಿ ಕನ್ನಡಕದವರಿಗೆ ಇಡೀ ತಲೆಯನ್ನೇ ಬದಲಿಸಿಬಿಡೋದು ಸುಲಭ. ಇಲ್ಲಿ ಆಗಲ್ಲ, ಹುಡುಗಿಯ ಕೂದಲು ಅವರ ಗಲ್ಲದ ಮೇಲೆ ಹರಡಿತ್ತು. ಗಾಜಿನ ಒಳಗಿನ ಕಣ್ಣನ್ನು ಮಾತ್ರ ತರೋಣ ಅಂದರೆ ಅದೂ ಕಷ್ಟ. ತಲೆ ಒಂಚೂರು ಬಗ್ಗಿದರೂ ಕಣ್ಣಿಗೂ ಕನ್ನಡಕದ ಅಂಚಿಗೂ ಇರುವ ಅಂತರ ಬದಲಾಗುತ್ತದೆ, ಗಾಜಿನ ಮೇಲಿನ ಹೊಳಪೂ ಬೇರೆ ಕಡೆ ಬೀಳುತ್ತದೆ.

ಹಾಗಾಗಿ ಮೂರನೇ ಫ್ರೇಮ್‌ನಿಂದ ಕನ್ನಡಕವನ್ನೇ ಪೂರ್ತಿ ತಂದೆ. ಎರಡು ಗಾಜು, ಮೂಗಿನ ಸೇತುವೆ, ಕೆನ್ನೆಯ ಮೇಲೆ ಬಿದ್ದ ಅದರ ನೆರಳು, ಎಲ್ಲವೂ. ಮಾಸ್ಕಿನ ಅಂಚನ್ನು ಕನ್ನಡಕದಿಂದ ಸ್ವಲ್ಪ ಹೊರಗೆ, ಚರ್ಮದ ಮೇಲೆ ಇಟ್ಟೆ. ಕಿವಿಯ ಕಡೆಗೆ ಹೋಗುವ ಕಡ್ಡಿ ಮಾತ್ರ ಒಂದು ಕಡೆ ಮುರಿದ ಹಾಗೆ ಕಂಡಿತು. ಅಲ್ಲಿ ಬ್ರಷ್ ಗಟ್ಟಿ ಮಾಡಿಕೊಂಡು, ಹಳೆಯ ಕಡ್ಡಿಯನ್ನು ಮುಚ್ಚುವಷ್ಟು ಹೊಸ ಕಡ್ಡಿಯನ್ನು ಕಿವಿಯವರೆಗೂ ತೆರೆದೆ.

ಎಡಗಾಜಿನ ಮೇಲೆ ಹೊಳಪು ಅರ್ಧ ಕಣ್ಣನ್ನು ನುಂಗಿತ್ತು. ಬಲಗಣ್ಣನ್ನು ಕನ್ನಡಿಯಂತೆ ತಿರುಗಿಸಿ ಅಲ್ಲಿಡುವ ಆಸೆ ಬರುತ್ತದೆ. ಆದರೆ ಕಣ್ಣುಗುಡ್ಡೆಯ ಮೇಲಿನ ಬೆಳಕಿನ ಚುಕ್ಕೆ ಎರಡೂ ಕಣ್ಣಲ್ಲಿ ಒಂದೇ ಕಡೆ ಇರುತ್ತದೆ. ತಿರುಗಿಸಿದರೆ ಅದು ಎದುರು ಬದುರಾಗುತ್ತದೆ, ನೋಟವೂ ಮೆಳ್ಳೆಗಣ್ಣಾಗಬಹುದು. ಹೊಳಪನ್ನು ಹಾಗೇ ಬಿಟ್ಟೆ. ಕನ್ನಡಕ ಹೊಳೆದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ, ಅಲ್ವಾ?

ಕೊನೆಗೆ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ನೋಡಿದೆ. ತುಂಬ ಹೊತ್ತು ನೋಡಿ ಕಣ್ಣಿಗೆ ಒಗ್ಗಿಹೋದ ಓರೆಕೋರೆ ಹಾಗೆ ತಿರುಗಿಸಿದಾಗ ತಟ್ಟನೆ ಕಾಣುತ್ತದೆ. ಅತ್ತಿಗೆಯ ಒಂದು ಕಣ್ಣು ಕೂದಲೆಳೆಯಷ್ಟು ಮೇಲಿತ್ತು, ಇಳಿಸಿದೆ.

ಉಳಿದವನು ಚಿಕ್ಕಪ್ಪನ ಮಗ. ಬೆಳಕು ನೇರ ಮುಖಕ್ಕೆ ಬಿದ್ದು, ನಾಲ್ಕೂ ಫ್ರೇಮ್‌ನಲ್ಲಿ ಅವನ ಕಣ್ಣು ಮುಚ್ಚಿತ್ತು. ಅದೇ ದಿನದ ಇನ್ನೊಂದು ಫೋಟೊದಿಂದ ತಂದು ನೋಡಿದೆ. ಅದರಲ್ಲಿ ಬೆಳಕು ಎಡದಿಂದ, ಇಲ್ಲಿ ಎದುರಿನಿಂದ. ಮೂಗಿನ ನೆರಳು ಒಂದು ಕಡೆ, ಕಣ್ಣಗುಳಿಯ ನೆರಳು ಇನ್ನೊಂದು ಕಡೆ. ಅಳಿಸಿ ಅವನಿಗೇ ಫೋನ್ ಮಾಡಿದೆ. "ಇರಲಿ ಬಿಡು, ಹಿಂದೆ ನಿಂತವನನ್ನು ಯಾರು ನೋಡ್ತಾರೆ" ಅಂದ. ಜೆಪೆಗ್ ಜೊತೆಗೆ, ಲೇಯರ್‌ಗಳಿರುವ `.xcf` ಫೈಲನ್ನೂ ಅಣ್ಣನಿಗೆ ಕಳಿಸಿದೆ. ಐದನೇ ಫ್ರೇಮ್ ಯಾರದ್ದಾದರೂ ಫೋನಲ್ಲಿ ಸಿಕ್ಕರೆ ಅವನದ್ದೂ ಸೇರಿಸಬಹುದು.