ಎರಡೂ ಕಡೆ ಕೊಂಡವನ ಲೆಕ್ಕ

"ಮಾವ, ಮೇಲೆ ಹೋದ್ರೂ ನಮ್ದೇ, ಕೆಳಗೆ ಬಿದ್ರೂ ನಮ್ದೇ. ಸೋಲೋದು ಹೇಗೆ ಹೇಳಿ?"

ಚಿಕ್ಕಮಗಳೂರಿನ ಅಕ್ಕನ ಮನೆಯಲ್ಲಿ ಈ ವಾರ ಅವಳ ಮಗ ಕೇಳಿದ ಈ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ. ಒಂದು ಕಂಪನಿಯ ತ್ರೈಮಾಸಿಕ ಫಲಿತಾಂಶದ ಹಿಂದಿನ ದಿನ ಅವನು ಅದರ ಸ್ಟ್ರಾಡಲ್ ಕೊಂಡಿದ್ದ, ಅಂದರೆ ಸ್ಟ್ರೈಕ್ ಎಂಬ ಒಂದೇ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕಾದ ಕಾಲ್ ಮತ್ತು ಮಾರುವ ಹಕ್ಕಾದ ಪುಟ್ ಎರಡನ್ನೂ. ಷೇರು 1500 ರೂಪಾಯಿಯಲ್ಲಿತ್ತು. 1500ರ ಸ್ಟ್ರೈಕಿನ ಕಾಲ್‌ಗೆ 47, ಪುಟ್‌ಗೆ 43, ಒಟ್ಟು 90 ರೂಪಾಯಿ ಪ್ರೀಮಿಯಂ. 400 ಷೇರುಗಳ ಒಂದು ಲಾಟಿಗೆ 36,000 ರೂಪಾಯಿ. ಆ ಹಕ್ಕುಗಳ ಅವಧಿ ಮುಗಿಯುವ ಎಕ್ಸ್‌ಪೈರಿಗೆ ಇನ್ನು ಹನ್ನೆರಡು ದಿನಗಳಿದ್ದವು.

ಮರುದಿನ ಷೇರು 1572ಕ್ಕೆ ಏರಿತು. ಒಂದೇ ರಾತ್ರಿಯಲ್ಲಿ ಶೇಕಡ 4.8ರ ಜಿಗಿತ, ಅವನ ಊಹೆ ಸರಿಯಾಗಿತ್ತು. ಆದರೂ ಪರದೆಯ ಮೇಲೆ ಕಾಲ್ 79, ಪುಟ್ 4, ಒಟ್ಟು 83 ತೋರಿಸುತ್ತಿತ್ತು. ಷೇರಿಗೆ 7ರಂತೆ ಲಾಟಿಗೆ 2,800 ರೂಪಾಯಿ ನಷ್ಟ.

ಎಕ್ಸ್‌ಪೈರಿಯ ದಿನದ ಲೆಕ್ಕ ಸುಲಭ. ಕೊಟ್ಟ 90 ರೂಪಾಯಿಯನ್ನು ಸ್ಟ್ರೈಕಿಗೆ ಕೂಡಿಸಿದರೆ 1590, ಕಳೆದರೆ 1410. ಲಾಭವೂ ನಷ್ಟವೂ ಇಲ್ಲದ ಎರಡು ಬ್ರೇಕ್ ಈವನ್ ಬಿಂದುಗಳು ಇವೇ. ಅಂದು ಷೇರು ಇವೆರಡರ ನಡುವೆ ಎಲ್ಲಿ ನಿಂತರೂ ನಷ್ಟವೇ, ಸರಿಯಾಗಿ 1500ರಲ್ಲಿ ನಿಂತರೆ 90 ರೂಪಾಯಿಯೂ ಹೋಗುತ್ತದೆ. ಅಂದರೆ ಅವನಿಗೆ ಬೇಕಿದ್ದದ್ದು ದೊಡ್ಡ ಚಲನೆ ಮಾತ್ರವಲ್ಲ, ಯಾವ ದಿಕ್ಕಿಗಾದರೂ ಶೇಕಡ 6ನ್ನು ದಾಟುವ ಚಲನೆ. ಅವನಿಗೆ ಇದನ್ನು ಕಲಿಸಿದ ಗೆಳೆಯ ಕಾಗದದ ಮೇಲೆ ಎರಡೂ ಕಡೆ ಏರುವ ಗೆರೆಗಳನ್ನು ಬರೆದು ತೋರಿಸಿದ್ದನೇ ಹೊರತು, ಆ ಗೆರೆಗಳು ಸೊನ್ನೆಯನ್ನು ಎಲ್ಲಿ ದಾಟುತ್ತವೆ ಎಂಬ ಅಂಕಿಯನ್ನು ಬರೆದಿರಲಿಲ್ಲ. ಚಿತ್ರ ತೋರಿಸಿ ಅಂಕಿ ಬಿಡುವವರನ್ನು ಗುರುಗಳೆನ್ನಲು ನನಗೆ ಮನಸ್ಸಾಗುವುದಿಲ್ಲ.

ಎಕ್ಸ್‌ಪೈರಿಗೆ ಇನ್ನೂ ದಿನಗಳಿರುವಾಗ ಮಾರುವವನ ಲೆಕ್ಕ ಬೇರೆ. ಉಳಿದ ದಿನಗಳಿಗೂ ಸ್ವಲ್ಪ ಬೆಲೆ ಇರುವುದರಿಂದ, ಆ ಬೆಳಿಗ್ಗೆ ಮೇಲಿನ ಬ್ರೇಕ್ ಈವನ್ 1590 ಅಲ್ಲ, ಸುಮಾರು 1580 ಆಗಿತ್ತು. ಇನ್ನೂ ಹತ್ತಿರವಾಗದಂತೆ ತಡೆದದ್ದು ಏರಿಳಿತದ ನಿರೀಕ್ಷೆಯ ಕುಸಿತ. ಫಲಿತಾಂಶ ಏನಾಗುವುದೋ ಎಂಬ ಅನಿಶ್ಚಯ ಇರುವವರೆಗೆ ಪ್ರೀಮಿಯಂ ಉಬ್ಬಿರುತ್ತದೆ, ಸುದ್ದಿ ಹೊರಬಿದ್ದೊಡನೆ ಇಳಿಯುತ್ತದೆ. ಹಿಂದಿನ ದಿನ ಆ ನಿರೀಕ್ಷೆಯ ಅಳತೆಯಾದ ಇಂಪ್ಲೈಡ್ ವೊಲಟಿಲಿಟಿ ಶೇಕಡ 41ರ ಆಸುಪಾಸಿನಲ್ಲಿತ್ತು, ಬೆಳಿಗ್ಗೆ 24ಕ್ಕೆ ಇಳಿದಿತ್ತು. ಅದು 41ರಲ್ಲೇ ನಿಂತಿದ್ದರೆ ಅದೇ 1572ರ ಷೇರಿಗೆ ಆ ಸ್ಟ್ರಾಡಲ್ ಸುಮಾರು 109 ರೂಪಾಯಿ ಬಾಳುತ್ತಿತ್ತು. 109 ಮತ್ತು 83ರ ನಡುವಿನ ಅಂತರವೇ "ಸೋಲೋದು ಹೇಗೆ" ಎಂಬುದಕ್ಕೆ ಮೊದಲ ಉತ್ತರ.

ಎರಡನೆಯ ಉತ್ತರ ಕೊಳ್ಳುವ ಮುನ್ನವೇ ಸಿಗಬೇಕಿತ್ತು. ಬ್ರೆಜಿಲ್‌ನಲ್ಲಿ ಹಿಮ ಬೀಳಬಹುದೆಂಬ ಮಾತು ಹಬ್ಬಿದಾಗಲೇ ಕಾಫಿಯ ದರ ಏರುತ್ತದೆ, ನಿಜವಾಗಿ ಹಿಮ ಬಿದ್ದ ದಿನಕ್ಕಾಗಿ ಕಾಯುವುದಿಲ್ಲ ಎಂಬುದು ಇಲ್ಲಿಯ ಬೆಳೆಗಾರರಿಗೆ ಗೊತ್ತು. ಸ್ಟ್ರಾಡಲಿನ ಬೆಲೆಯೂ ಹಾಗೆಯೇ: ಆ 90 ರೂಪಾಯಿ, ಎಕ್ಸ್‌ಪೈರಿಯೊಳಗೆ ಷೇರು ಸರಾಸರಿ ಎಷ್ಟು ಸರಿಯಬಹುದೆಂದು ಮಾರುಕಟ್ಟೆ ಮೊದಲೇ ಕಟ್ಟಿದ ಅಂದಾಜು. ಆದ್ದರಿಂದ "ದೊಡ್ಡ ಚಲನೆ ಬರುತ್ತದೆ" ಎಂಬ ನಂಬಿಕೆಯಿಂದ ಲಾಭ ಹುಟ್ಟುವುದಿಲ್ಲ. ಮಾರುಕಟ್ಟೆ ಅಂದಾಜಿಸಿದ್ದಕ್ಕಿಂತ ದೊಡ್ಡದು ಬರುತ್ತದೆ ಎನ್ನಲು ಕಾರಣ ಇರಬೇಕು.

ಅವನನ್ನು ಕೂರಿಸಿಕೊಂಡು ಅವನದೇ ಅಂದಾಜನ್ನು ಬರೆಸಿದೆ. ಎಕ್ಸ್‌ಪೈರಿಯಲ್ಲಿ ಷೇರು ಶೇಕಡ 10 ಸರಿದಿರುವ ಸಾಧ್ಯತೆ ನೂರಕ್ಕೆ 25, ಶೇಕಡ 5 ಸರಿದಿರುವುದಕ್ಕೆ 40, ಶೇಕಡ 2 ಮಾತ್ರ ಸರಿದಿರುವುದಕ್ಕೆ 35 ಎಂದ. ಕೈಗೆ ಬರುವ ಹಣ ಕ್ರಮವಾಗಿ 150, 75 ಮತ್ತು 30 ರೂಪಾಯಿ. ಸಾಧ್ಯತೆಗಳಿಂದ ಗುಣಿಸಿದರೆ 37.5, 30 ಮತ್ತು 10.5, ಒಟ್ಟು 78. ಕೊಟ್ಟದ್ದು 90. ಅವನ ನಂಬಿಕೆ ಅಕ್ಷರಶಃ ನಿಜವಾದರೂ ಸರಾಸರಿಯಲ್ಲಿ ಷೇರಿಗೆ 12 ರೂಪಾಯಿ, ಲಾಟಿಗೆ 4,800 ರೂಪಾಯಿ ನಷ್ಟ, ಅದೂ ದಲ್ಲಾಳಿ ಶುಲ್ಕ ಮತ್ತು ತೆರಿಗೆಯ ಮೊದಲು. ಶೇಕಡ 10ರ ಸಾಧ್ಯತೆಯನ್ನು 40ಕ್ಕೆ ಏರಿಸಿ, ಶೇಕಡ 2ರದನ್ನು 20ಕ್ಕೆ ಇಳಿಸಿದರೆ ಮೊತ್ತ 96 ಆಗಿ, ಷೇರಿಗೆ 6 ರೂಪಾಯಿ ಉಳಿಯುತ್ತದೆ. ಹುಡುಗ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದ. ಚುರುಕು ಹುಡುಗ, ಅವನಿಗೆ ಯಾರೂ ಗುಣಿಸಲು ಹೇಳಿರಲಿಲ್ಲ, ಅಷ್ಟೇ.

"ಹಾಗಾದ್ರೆ 1590 ದಾಟೋವರೆಗೆ ಇಟ್ಕೊಳ್ಳಲಾ ಮಾವ?" ಎಂದ. ಸುದ್ದಿ ಮುಗಿದಿರುವಾಗ ಪ್ರತಿದಿನ ಉಳಿದ ಬೆಲೆ ಕರಗುತ್ತದೆ ಎಂದೆ. ಅಲ್ಲದೆ ನಮ್ಮಲ್ಲಿ ಕಾಲ್, ಪುಟ್‌ನಂಥ ಷೇರು ಆಪ್ಷನ್‌ಗೆ ಎಕ್ಸ್‌ಪೈರಿಯಲ್ಲಿ ಬೆಲೆ ಉಳಿದಿದ್ದರೆ ಷೇರುಗಳನ್ನೇ ಕೊಟ್ಟು ತೆಗೆದುಕೊಳ್ಳಬೇಕು. 1500ರಂತೆ 400 ಷೇರಿಗೆ ಆರು ಲಕ್ಷ ರೂಪಾಯಿ ಖಾತೆಯಲ್ಲಿರಬೇಕು. ಅವನು ಎರಡನ್ನೂ ಮಾರಿದ. ಆಮೇಲೆ ಆ ಕಂಪನಿಯ ಹಿಂದಿನ ಎಂಟು ಫಲಿತಾಂಶಗಳ ಮರುದಿನದ ಚಲನೆಗಳನ್ನು ತಾನೇ ಹುಡುಕಿ, ಏರಿಕೆ ಇಳಿಕೆಯ ಚಿಹ್ನೆ ಬಿಟ್ಟು ಪಟ್ಟಿ ಮಾಡಿದ. ಅವುಗಳಲ್ಲಿ ಶೇಕಡ 6ನ್ನು ದಾಟಿದ್ದು ಒಂದೇ.