ಯೋಗದಲ್ಲಿ ಪಾಸಾದರೆ ಜಿಪಿಎ ಇಳಿಯಬಾರದು

ಶಿರಸಿಯ ಒಂದು ಸ್ವಾಯತ್ತ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ನನ್ನ ಕೆಲಸ. ರಿಸಲ್ಟ್ ಬಿಟ್ಟ ಮರುದಿನ ಕೌಂಟರ್ ಮುಂದೆ ಬರುವವರು ಸಾಮಾನ್ಯವಾಗಿ ಫೇಲಾದವರು. ಆ ಸಲ ಬಂದವರೆಲ್ಲ ಪಾಸಾದವರು, ಅದೂ ಚೆನ್ನಾಗಿ ಓದುವವರು. ಅಲ್ಲೇ ನನಗೆ ಅನುಮಾನ ಬಂತು.

ಸಿದ್ದಾಪುರದ ಕಡೆಯ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಐದನೇ ಸೆಮಿಸ್ಟರ್. ಮಾರ್ಕ್ಸ್ ಕಾರ್ಡಿನಲ್ಲಿ ಆ ಸೆಮಿಸ್ಟರ್‌ನ ಸರಾಸರಿ, ಅಂದರೆ ಎಸ್‌ಜಿಪಿಎ, 6.73. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಕಂಪನಿಯೊಂದು ಯಾವ ಸೆಮಿಸ್ಟರ್‌ನಲ್ಲೂ ಏಳಕ್ಕಿಂತ ಕಡಿಮೆ ಇರಬಾರದು ಅಂದಿತ್ತು. ಹೆಸರಿನ ಪಟ್ಟಿ ಅದೇ ದಿನ ಸಂಜೆ ಹೋಗಬೇಕು.

"ಎಲ್ಲಾ ಪಾಸಾಗಿದ್ದಾಳೆ ಸರ್. ಬಿ ಪ್ಲಸ್‌ಗಿಂತ ಕೆಳಗೆ ಒಂದೂ ಇಲ್ಲ. ಮತ್ತೆ ಎಂತಕ್ಕೆ ಇಷ್ಟು ಕಡಿಮೆ ಬಂತು?" ಎಂದು ಅವಳ ಅಪ್ಪ ಕೇಳಿದರು.

ಆ ಪ್ರಶ್ನೆಯಲ್ಲೇ ಉತ್ತರ ಇತ್ತು. ನಮ್ಮ ಹತ್ತರ ಮಾಪಕದಲ್ಲಿ ಎ ಪ್ಲಸ್‌ಗೆ 9, ಎ ಗೆ 8, ಬಿ ಪ್ಲಸ್‌ಗೆ 7. ಅತಿ ಕಡಿಮೆ ಗ್ರೇಡೇ 7 ಆಗಿರುವಾಗ ಸರಾಸರಿ 6.73 ಬರುವುದು ಸಾಧ್ಯವೇ ಇಲ್ಲ. ಆದರೂ ನಮ್ಮ ಕಣ್ಣು ಮೊದಲು ಹೋಗಿದ್ದು ಅಂಕಗಳ ಕಡೆಗೆ. ಎಂಟ್ರಿ ಮಾಡುವಾಗ ತಪ್ಪಿರಬೇಕು ಅಂತ ಸೂಪರಿಂಟೆಂಡೆಂಟ್ ಲೆಡ್ಜರ್ ತರಿಸಿದರು. ಇಂಟರ್ನಲ್ ಅಂಕ, ಥಿಯರಿ ಅಂಕ ಎಲ್ಲಾ ಒಂದೊಂದಾಗಿ ಓದಿ ಹೇಳಿದರು, ನಾನು ಸ್ಕ್ರೀನ್ ನೋಡಿ ಟಿಕ್ ಹಾಕಿದೆ. ಎಲ್ಲಾ ಸರಿ ಇತ್ತು. ಹೊರಗೆ ಜೋರು ಮಳೆ. ಕರೆಂಟ್ ಹೋಗಿ ಯುಪಿಎಸ್ ಕೂಗಲು ಶುರುಮಾಡಿತು. ಪ್ಲೇಸ್‌ಮೆಂಟ್ ಆಫೀಸರ್ ಆಗಲೇ ಎರಡು ಸಲ ಬಾಗಿಲಲ್ಲಿ ಇಣುಕಿ ಹೋಗಿದ್ದರು. ಹುಡುಗಿ ಏನೂ ಮಾತಾಡಲಿಲ್ಲ, ಗೋಡೆ ಗಡಿಯಾರ ನೋಡುತ್ತಾ ನಿಂತಿದ್ದಳು.

ಕೊನೆಗೆ ಕಾಗದ ತೆಗೆದುಕೊಂಡು ಕೈಯಲ್ಲೇ ಲೆಕ್ಕ ಹಾಕಿದೆ. ಗ್ರೇಡ್ ಇರುವ ವಿಷಯಗಳು ಐದು. ನಾಲ್ಕು ಕ್ರೆಡಿಟ್‌ನವು ಮೂರು: ಒಂದರಲ್ಲಿ ಎ ಪ್ಲಸ್, ಎರಡರಲ್ಲಿ ಎ. ಮೂರು ಕ್ರೆಡಿಟ್‌ನವು ಎರಡು: ಒಂದು ಬಿ ಪ್ಲಸ್, ಒಂದು ಎ ಪ್ಲಸ್. ಕ್ರೆಡಿಟ್‌ನಿಂದ ಗ್ರೇಡ್ ಪಾಯಿಂಟ್ ಗುಣಿಸಿದರೆ 36, 32, 32, 21, 27. ಕೂಡಿದರೆ 148. ಕ್ರೆಡಿಟ್ ಒಟ್ಟು 18. ಭಾಗಿಸಿದರೆ 8.22. ಕಾರ್ಡಿನಲ್ಲಿ ಇರಬೇಕಾಗಿದ್ದು ಇದು.

ಹಾಗಾದರೆ 6.73 ಎಲ್ಲಿಂದ ಬಂತು? ಇದನ್ನು ಪತ್ತೆ ಮಾಡುವ ದಾರಿ ಸುಲಭ. ಒಟ್ಟು ಪಾಯಿಂಟನ್ನು ಕಾರ್ಡಿನಲ್ಲಿ ಅಚ್ಚಾದ ಎಸ್‌ಜಿಪಿಎಯಿಂದ ಭಾಗಿಸಿ. ಸಾಫ್ಟ್‌ವೇರ್ ಯಾವ ಕ್ರೆಡಿಟ್ ಮೊತ್ತದಿಂದ ಭಾಗಿಸಿದೆ ಅಂತ ಗೊತ್ತಾಗುತ್ತದೆ. 148 ನ್ನು 6.73 ರಿಂದ ಭಾಗಿಸಿದರೆ 21.99, ಅಂದರೆ 22. ಹದಿನೆಂಟರ ಮೇಲೆ ನಾಲ್ಕು ಜಾಸ್ತಿ. ಅವಳ ಕಾರ್ಡಿನಲ್ಲಿ ಇನ್ನೆರಡು ಸಾಲು ಇದ್ದವು: ಯೋಗ, 2 ಕ್ರೆಡಿಟ್, ಗ್ರೇಡ್ `PP`. ಯಕ್ಷಗಾನ ಪರಿಚಯ, 2 ಕ್ರೆಡಿಟ್, `AU`. ಮೊದಲನೆಯದು ಬರೀ ಪಾಸು ಅಥವಾ ಫೇಲು ಎಂದು ನೋಡುವ ವಿಷಯ. ಎರಡನೆಯದನ್ನು ಅವಳು ಆಸಕ್ತಿಯಿಂದ ಆಡಿಟ್ ಮಾಡಿದ್ದಳು, ಅಂದರೆ ತರಗತಿಯಲ್ಲಿ ಕೂತು ಕೇಳಿದ್ದಳು, ಪರೀಕ್ಷೆ ಬರೆದಿರಲಿಲ್ಲ. ಎರಡಕ್ಕೂ ಗ್ರೇಡ್ ಪಾಯಿಂಟ್ ಇಲ್ಲ. ಇಲ್ಲದ್ದನ್ನು ಸಾಫ್ಟ್‌ವೇರ್ ಸೊನ್ನೆ ಅಂತ ತಿಳಿದುಕೊಂಡಿತ್ತು. ಮೇಲೆ ಸೊನ್ನೆ ಕೂಡಿತು, ಕೆಳಗೆ ನಾಲ್ಕು ಕ್ರೆಡಿಟ್ ಸೇರಿಸಿತು. ಯೋಗದಲ್ಲಿ ಪಾಸಾದವಳನ್ನು ಯೋಗದಲ್ಲಿ ಫೇಲಾದವಳಂತೆ ಲೆಕ್ಕ ಹಾಕಿತು.

ಇದು ದೊಡ್ಡ ಸಾಫ್ಟ್‌ವೇರ್‌ನಲ್ಲಿ ಮಾತ್ರ ಆಗುವ ತಪ್ಪಲ್ಲ. ಎಕ್ಸೆಲ್‌ನಲ್ಲಿ ಎಲ್ಲರೂ ಬರೆಯುವ ಸೂತ್ರ ನೋಡಿ. C ಕಾಲಂನಲ್ಲಿ ಕ್ರೆಡಿಟ್, E ಯಲ್ಲಿ ಗ್ರೇಡ್ ಪಾಯಿಂಟ್, ಯೋಗದ ಸಾಲಿನ E ಯಲ್ಲಿ `PP` ಅಂತ ಅಕ್ಷರ:

```
=SUMPRODUCT(C2:C8,E2:E8)/SUM(C2:C8)
```

`SUMPRODUCT` ಒಳಗೆ ಅಲ್ಪವಿರಾಮ ಹಾಕಿ ಬರೆದರೆ ಅಕ್ಷರ ಇರುವ ಕೋಶವನ್ನು ಅದು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ. ಕೆಳಗಿನ `SUM` ಮಾತ್ರ ಎಲ್ಲಾ ಕ್ರೆಡಿಟ್ ಕೂಡುತ್ತದೆ. ಉತ್ತರ ಅದೇ 6.73. ಅಲ್ಪವಿರಾಮದ ಬದಲು ಗುಣಾಕಾರದ ಚಿಹ್ನೆ ಹಾಕಿದ್ದರೆ `#VALUE!` ಅಂತ ಬಂದು ಯಾರಾದರೂ ತಿರುಗಿ ನೋಡುತ್ತಿದ್ದರು. ತಪ್ಪು ಉತ್ತರಕ್ಕಿಂತ ಉತ್ತರವೇ ಬರದಿರುವುದು ನಮ್ಮ ಕೆಲಸದಲ್ಲಿ ಎಷ್ಟೋ ವಾಸಿ.

ಕಂಟ್ರೋಲರ್ ಕೈಬರಹದ ಲೆಕ್ಕಕ್ಕೆ ಸಹಿ ಹಾಕಿ ಸೀಲ್ ಒತ್ತಿ ಕೊಟ್ಟರು. ಪಟ್ಟಿ ಹೋಗುವ ಹೊತ್ತಿಗೆ ಅವಳ ಹೆಸರು ಸೇರಿತು. ಉಳಿದವರ ಕಾರ್ಡುಗಳನ್ನೂ ವಾಪಸ್ ತರಿಸಿದೆವು.

ನನಗೆ ಈಗಲೂ ಬೇಜಾರಾಗುವುದು ಇದರ ಮುಂದಿನ ಕಥೆ. ಸಾಫ್ಟ್‌ವೇರ್ ಕಂಪನಿಯವರಿಗೆ ಫೋನ್ ಮಾಡಿದೆವು. ಸ್ವಲ್ಪ ಹೊತ್ತಿನಲ್ಲೇ "ಸರಿ ಮಾಡಿದ್ದೇವೆ ಸರ್, ಚೆಕ್ ಮಾಡಿ" ಅಂದರು. ಚೆಕ್ ಮಾಡಿದರೆ 8.22 ಬರುತ್ತಿತ್ತು. ಎಲ್ಲರಿಗೂ ಸಮಾಧಾನ. ಅವರು ಮಾಡಿದ್ದು ಏನೆಂದರೆ, ವಿಷಯಗಳ ಮಾಸ್ಟರ್ ಪಟ್ಟಿಯಲ್ಲಿ ಯೋಗದ, ಯಕ್ಷಗಾನದ ಕ್ರೆಡಿಟನ್ನೇ ಸೊನ್ನೆ ಮಾಡಿದ್ದರು. ಪಾಸ್-ಫೇಲ್ ಅಥವಾ ಆಡಿಟ್ ಅಂತ ಗುರುತು ಇರುವ ಎಲ್ಲಾ ವಿಷಯಕ್ಕೂ ಅದೇ ನಿಯಮ ಹಾಕಿದ್ದರು. ಆ ದಿನ ಎಸ್‌ಜಿಪಿಎ ಒಂದನ್ನೇ ನೋಡಿದೆವು. ಪಕ್ಕದ ಕಾಲಂನಲ್ಲಿ ಗಳಿಸಿದ ಕ್ರೆಡಿಟ್ 20 ಇರಬೇಕಾದಲ್ಲಿ 18 ಆಗಿದ್ದನ್ನು ಯಾರೂ ನೋಡಲಿಲ್ಲ.

ಆರನೇ ಸೆಮಿಸ್ಟರ್ ಮುಗಿದು ಪದವಿಗೆ ಅರ್ಹರ ಪಟ್ಟಿ ತೆಗೆದಾಗ ಅದು ಹೊರಗೆ ಬಂತು. ಆ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್ 10 ಕ್ರೆಡಿಟ್, ಅದೂ ಪಾಸ್-ಫೇಲ್. ಯೋಗದ ಎರಡು, ಇಂಟರ್ನ್‌ಶಿಪ್‌ನ ಹತ್ತು, ಇಡೀ ಬ್ಯಾಚಿಗೆ 12 ಕ್ರೆಡಿಟ್ ಕಡಿಮೆ. ಅರ್ಹರ ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲ. ಕಂಟ್ರೋಲರ್ ಆ ಖಾಲಿ ಹಾಳೆ ಹಿಡಿದು ನಮ್ಮ ಕೋಣೆಗೆ ಬಂದಾಗ ಯಾರಿಗೂ ಮಾತು ಹೊರಡಲಿಲ್ಲ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ ಫೈಲ್ ಇನ್ನೂ ಹೋಗಿರಲಿಲ್ಲ, ಅದೊಂದು ಪುಣ್ಯ. ಹೋಗಿದ್ದರೆ ಹುಡುಗರು ದುಡಿದು ಗಳಿಸಿದ ಕ್ರೆಡಿಟ್ ಅವರ ಖಾತೆಗೆ ಸೇರುತ್ತಲೇ ಇರಲಿಲ್ಲ.

ಇಲ್ಲಿ ತಿಳಿದುಕೊಳ್ಳಬೇಕಾದದ್ದು ಒಂದೇ. ಪ್ರತಿ ಸಾಲಿಗೂ ಎರಡು ಬೇರೆ ಬೇರೆ ಪ್ರಶ್ನೆ ಕೇಳಬೇಕು. ಈ ಕ್ರೆಡಿಟ್ ಸರಾಸರಿಗೆ ಸೇರುತ್ತದಾ? ಈ ಕ್ರೆಡಿಟ್ ವಿದ್ಯಾರ್ಥಿ ಗಳಿಸಿದ್ದಾ? ಎ ಪ್ಲಸ್ ಬಂದರೆ ಎರಡಕ್ಕೂ ಹೌದು. ಗ್ರೇಡ್ ಇರುವ ವಿಷಯದಲ್ಲಿ ಫೇಲಾದರೆ ಸರಾಸರಿಗೆ ಸೊನ್ನೆ ಪಾಯಿಂಟ್‌ನೊಂದಿಗೆ ಸೇರುತ್ತದೆ, ಆದರೆ ಕ್ರೆಡಿಟ್ ಗಳಿಸಿದ ಹಾಗಲ್ಲ. `PP` ಇದಕ್ಕೆ ಪೂರ್ತಿ ಉಲ್ಟಾ: ಸರಾಸರಿಗೆ ಇಲ್ಲ, ಗಳಿಕೆಗೆ ಹೌದು. ಆಡಿಟ್‌ಗೆ ಎರಡೂ ಇಲ್ಲ, ಕಾರ್ಡಿನಲ್ಲಿ ಹೆಸರು ಮಾತ್ರ. ಫೇಲ್ ಮತ್ತು `PP` ಹೀಗೆ ಎದುರುಬದುರು ಇರುವುದರಿಂದಲೇ ಒಂದೇ ಕ್ರೆಡಿಟ್ ಕಾಲಂ ಇಟ್ಟುಕೊಂಡು, ಅದನ್ನು ಸೊನ್ನೆ ಮಾಡಿ ಬಿಟ್ಟು, ಈ ಕೆಲಸ ಮುಗಿಸಲು ಆಗುವುದಿಲ್ಲ. ಕ್ರೆಡಿಟ್ ಇದ್ದಷ್ಟೇ ಇರಲಿ. ಪಕ್ಕದಲ್ಲಿ ಎರಡು ಕಾಲಂ ಬರಲಿ, F ಸರಾಸರಿಗೆ, G ಗಳಿಕೆಗೆ, ಹೌದು ಅನ್ನುವ ಸಾಲಿಗೆ `Y`:

```
=SUMPRODUCT(C2:C8,E2:E8)/SUMIF(F2:F8,"Y",C2:C8)
=SUMIF(G2:G8,"Y",C2:C8)
```

ಮೊದಲನೆಯದು 8.22 ಕೊಡುತ್ತದೆ, ಎರಡನೆಯದು 20. ಗ್ರೇಡ್ ಇರುವ ವಿಷಯವೇ ಇಲ್ಲದ ಸೆಮಿಸ್ಟರ್ ಬಂದರೆ ಮೊದಲ ಸೂತ್ರ ಸೊನ್ನೆಯಿಂದ ಭಾಗಿಸಲು ಹೋಗುತ್ತದೆ. ಅಲ್ಲಿ 0.00 ಅಂತ ಅಚ್ಚು ಹಾಕಬೇಡಿ, ಗೆರೆ ಎಳೆಯಿರಿ. ಪಾಸ್-ಫೇಲ್ ವಿಷಯದಲ್ಲೇ ಫೇಲಾದರೆ ಏನು ಅನ್ನುವುದನ್ನು ಮಾತ್ರ ನಿಮ್ಮ ಕಾಲೇಜಿನ ನಿಯಮಾವಳಿ ನೋಡಿ ತುಂಬಬೇಕು. ನಮ್ಮಲ್ಲಿ ಅದು ಸರಾಸರಿಗೂ ಇಲ್ಲ, ಗಳಿಕೆಗೂ ಇಲ್ಲ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಅದನ್ನು ಸೊನ್ನೆಯಾಗಿ ಸರಾಸರಿಗೆ ಸೇರಿಸುತ್ತವೆ.

ಕಂಪನಿಯವರು ಎರಡು ಕಾಲಂ ಮಾಡಿಕೊಟ್ಟರು. ಈ ಸಲ ನಾನು ಎಲ್ಲಾ ಸೆಮಿಸ್ಟರ್ ಸೇರಿದ ಸರಾಸರಿ, ಅಂದರೆ ಸಿಜಿಪಿಎಯನ್ನೂ ಕೈಯಲ್ಲಿ ಹಾಕಿ ನೋಡಿದೆ. ಸರಿ ಇರಲಿಲ್ಲ. ಸುಲಭಕ್ಕೆ ಅದೇ ಹುಡುಗಿಯ ಕೊನೆಯ ಎರಡು ಸೆಮಿಸ್ಟರ್ ಮಾತ್ರ ಹಿಡಿದು ಹೇಳುತ್ತೇನೆ. ಆರನೇ ಸೆಮಿಸ್ಟರ್‌ನಲ್ಲಿ ಗ್ರೇಡ್ ಇರುವುದು 10 ಕ್ರೆಡಿಟ್, ಪಾಯಿಂಟ್ 92, ಎಸ್‌ಜಿಪಿಎ 9.20. ಉಳಿದ 10 ಇಂಟರ್ನ್‌ಶಿಪ್. ಸರಿಯಾದ ಲೆಕ್ಕದಲ್ಲಿ ಪಾಯಿಂಟ್ 148 ಮತ್ತು 92 ಕೂಡಿ 240, ಕ್ರೆಡಿಟ್ 18 ಮತ್ತು 10 ಕೂಡಿ 28, ಉತ್ತರ 8.57. ಸಾಫ್ಟ್‌ವೇರ್ ಕೊಟ್ಟದ್ದು 8.71. ಅದು ಪ್ರತಿ ಎಸ್‌ಜಿಪಿಎಯನ್ನು ಆ ಸೆಮಿಸ್ಟರ್‌ನ ಒಟ್ಟು ಕ್ರೆಡಿಟ್‌ನಿಂದ, ಅಂದರೆ ಎರಡನ್ನೂ 20 ರಿಂದ, ಗುಣಿಸಿ 40 ರಿಂದ ಭಾಗಿಸಿತ್ತು. ಇಂಟರ್ನ್‌ಶಿಪ್‌ನ ಹತ್ತು ಕ್ರೆಡಿಟ್‌ಗೆ 9.20 ಅಂಟಿಕೊಂಡಿತ್ತು.

ಕಂಪನಿಯ ಹುಡುಗ ಯುಜಿಸಿಯ ಸೂತ್ರ ತೋರಿಸಿದ. ಅವನ ಮಾತೂ ಸುಳ್ಳಲ್ಲ. ಸಿಬಿಸಿಎಸ್ ಮಾರ್ಗಸೂಚಿಯಲ್ಲಿ ಸಿಜಿಪಿಎಗೆ ಕೊಟ್ಟ ಸೂತ್ರ ಎಸ್‌ಜಿಪಿಎಯನ್ನು ಆ ಸೆಮಿಸ್ಟರ್‌ನ ಒಟ್ಟು ಕ್ರೆಡಿಟ್‌ನಿಂದಲೇ ಗುಣಿಸುತ್ತದೆ. ಎಲ್ಲಾ ಕ್ರೆಡಿಟ್‌ಗೂ ಗ್ರೇಡ್ ಇದ್ದರೆ ಅದು ಸರಿ. ಕ್ರೆಡಿಟ್ ಇರುವ ಪಾಸ್-ಫೇಲ್ ವಿಷಯ ಬಂದಾಗ ಅಲ್ಲಿನ ಕ್ರೆಡಿಟ್ ಅಂದರೆ ಸರಾಸರಿಗೆ ಸೇರುವ ಕ್ರೆಡಿಟ್ ಅಂತಲೇ ಓದಬೇಕು. ಅದಕ್ಕೇ ಈಗ ನಾವು ಎಸ್‌ಜಿಪಿಎಗಳಿಂದ ಸಿಜಿಪಿಎ ತೆಗೆಯುವುದನ್ನೇ ಬಿಟ್ಟಿದ್ದೇವೆ. ಮೊದಲ ಸೆಮಿಸ್ಟರ್‌ನಿಂದ ಪಾಯಿಂಟ್ ಮೊತ್ತ, ಸರಾಸರಿಯ ಕ್ರೆಡಿಟ್ ಮೊತ್ತ ಎರಡನ್ನೂ ಕೂಡಿಸುತ್ತಾ ಬಂದು ಕೊನೆಗೆ ಒಂದೇ ಸಲ ಭಾಗಿಸುತ್ತೇವೆ.

ಈ ಎರಡನೇ ತಪ್ಪಿಗೆ ಕೌಂಟರ್ ಮುಂದೆ ಒಬ್ಬರೂ ಬಂದಿರಲಿಲ್ಲ. ಕೊನೆಯ ಸೆಮಿಸ್ಟರ್‌ನಲ್ಲಿ ಚೆನ್ನಾಗಿ ಮಾಡಿದವರಿಗೆ ಅದು ಜಾಸ್ತಿ ಕೊಡುತ್ತಿತ್ತು, ಅವರು ಯಾಕೆ ಬರುತ್ತಾರೆ? ಅದೇ ಸೆಮಿಸ್ಟರ್‌ನಲ್ಲಿ ಹಿಂದೆ ಬಿದ್ದವರಿಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಿತ್ತು, ಅದು ಅವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ರ‍್ಯಾಂಕ್ ಪಟ್ಟಿಯನ್ನು ಮಾತ್ರ ಪೂರ್ತಿ ಹೊಸದಾಗಿ ತೆಗೆಯಬೇಕಾಯಿತು. ಎರಡು ಕಡೆ ಮೇಲಿನ ಹೆಸರು ಕೆಳಗೆ, ಕೆಳಗಿನದು ಮೇಲೆ ಆಯಿತು.