ಕಾಯ್ದಿರಿಸಿದ ಕೋಣೆ ಒಂದು, ಸಿಕ್ಕ ಕೋಣೆ ಇನ್ನೊಂದು: ಭಾಗಶಃ ಮರುಪಾವತಿ ಕೇಳುವ ಲೆಕ್ಕ

ಹಾಸನದ ಪ್ರವಾಸ ಕಚೇರಿಯೊಂದರಲ್ಲಿ ಕೋಣೆ ಕಾಯ್ದಿರಿಸುವುದು ಮತ್ತು ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೋಟೆಲಿನವರು ತೋರಿಸಿದ್ದೇ ಒಂದು, ಕೊಟ್ಟಿದ್ದೇ ಒಂದು ಎಂಬ ದೂರುಗಳಲ್ಲಿ ಬಹಳಷ್ಟು ನಿಜವೇ ಆಗಿರುತ್ತವೆ. ಆದರೂ ಹಣ ಮರಳಿ ಬರುವುದು ಕೆಲವರಿಗೆ ಮಾತ್ರ. ಉಳಿದವರು ತಮಗಾದ ಬೇಸರವನ್ನು ಚೆನ್ನಾಗಿ ಬರೆದಿರುತ್ತಾರೆ, ಎಷ್ಟು ಹಣ ಬೇಕು, ಏಕೆ ಅಷ್ಟೇ ಬೇಕು ಎಂಬುದನ್ನು ಬರೆದಿರುವುದಿಲ್ಲ.

ಕಳೆದ ಡಿಸೆಂಬರಿನ ರಜೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನಿವೃತ್ತ ಮೇಷ್ಟ್ರೊಬ್ಬರ ಕುಟುಂಬಕ್ಕೆ ಚಿಕ್ಕಮಗಳೂರಿನ ಹೊರವಲಯದ ಹೋಟೆಲೊಂದರಲ್ಲಿ ಎರಡು ರಾತ್ರಿಗೆ ಕೋಣೆ ಬೇಕಿತ್ತು. ಬುಕಿಂಗ್ ಆ್ಯಪ್ ಮೂಲಕ, ಪೂರ್ತಿ ಹಣ ಮುಂಗಡ ಕಟ್ಟಿ, ಬಾಲ್ಕನಿ ಇರುವ ‘ವ್ಯಾಲಿ ವ್ಯೂ ಡೀಲಕ್ಸ್’ ಕಾಯ್ದಿರಿಸಿದೆವು. ರಾತ್ರಿಗೆ 4,800 ರೂಪಾಯಿ, ಮೇಲೆ ಶೇ. 5 ಜಿಎಸ್‌ಟಿ. ಅವರು ಬೇಲೂರು ದಾರಿಯಲ್ಲಿ ದೇವಸ್ಥಾನ ನೋಡಿಕೊಂಡು ಸಂಜೆ ತಲುಪಿದಾಗ ಸಿಕ್ಕಿದ್ದು ನೆಲಮಹಡಿಯ ಸ್ಟ್ಯಾಂಡರ್ಡ್ ಕೋಣೆ. ಬಾಲ್ಕನಿ ಇಲ್ಲ, ಕಿಟಕಿ ತೆರೆದರೆ ಜನರೇಟರ್ ಶೆಡ್ಡು.

ಮೇಷ್ಟ್ರು ಅಲ್ಲಿಂದಲೇ ಫೋನ್ ಮಾಡಿದರು. “ಏನಮ್ಮಾ, ನನಗೆ ಈ ಕೋಣೆ ಬೇಡ, ಪೂರ್ತಿ ಹಣ ವಾಪಸ್ ಕೊಡಿಸು” ಎಂದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ರಜೆಯ ಆ ರಾತ್ರಿ ಊರಿನಲ್ಲಿ ಬೇರೆ ಕೋಣೆ ಸಿಗುವ ಹಾಗಿರಲಿಲ್ಲ, ಅವರ ಜೊತೆ ಮೊಮ್ಮಕ್ಕಳಿದ್ದರು. ಅಲ್ಲೇ ಮಲಗಿ, ಅಲ್ಲೇ ಸ್ನಾನ ಮಾಡಿ, ಎರಡು ರಾತ್ರಿ ಕಳೆದ ಮೇಲೆ ಪೂರ್ತಿ ಹಣ ಕೇಳಿದರೆ ಹೋಟೆಲಿನವರು “ಉಳಿದುಕೊಂಡಿದ್ದೀರಲ್ಲ” ಎಂಬ ಒಂದೇ ಮಾತಿನಲ್ಲಿ ದೂರನ್ನು ಮುಗಿಸುತ್ತಾರೆ. ಕೋಣೆಯಲ್ಲಿ ಉಳಿಯುವುದಾದರೆ ಕೇಳಬೇಕಾದದ್ದು ಎರಡು ಕೋಣೆಗಳ ದರದ ವ್ಯತ್ಯಾಸ. ಹೀಗೆಂದು ವಿವರಿಸಿದೆ, ಅವರು ಒಪ್ಪಿಕೊಂಡರು.

ಕೂಡಲೇ ಮಾಡಿಸಿದ ಕೆಲಸ ಸಣ್ಣದು. ಬಾಗಿಲಿನ ಮೇಲಿನ ಕೋಣೆ ಸಂಖ್ಯೆ, ಕಿಟಕಿಯಿಂದ ಕಾಣುವ ನೋಟ ಮತ್ತು ಬಾಲ್ಕನಿ ಇಲ್ಲದ ಗೋಡೆ ಸೇರುವಂತೆ ಫೋಟೊ ತೆಗೆಸಿದೆ. ನಂತರ ಹೋಟೆಲಿನ ವಾಟ್ಸ್‌ಆ್ಯಪ್ ಸಂಖ್ಯೆಗೆ ಬರೆಯಿಸಿದೆ: “ನಾವು ಕಾಯ್ದಿರಿಸಿದ ಬಗೆಯ ಕೋಣೆ ಇದಲ್ಲ. ಇಂದೇ ಬದಲಿಸಿಕೊಡಿ. ಆಗದಿದ್ದರೆ ಹಾಗೆಂದು ಬರೆದು ತಿಳಿಸಿ.” ಸ್ವಲ್ಪ ಹೊತ್ತಿಗೆ ಉತ್ತರ ಬಂತು, ಎರಡೂ ದಿನ ಆ ಕೋಣೆಗಳು ಖಾಲಿ ಇಲ್ಲ, ಹೊಂದಿಕೊಳ್ಳಿ ಎಂದು. ಇಡೀ ಪ್ರಕರಣದಲ್ಲಿ ನಮಗೆ ಸಿಕ್ಕ ಅತ್ಯಂತ ಗಟ್ಟಿ ಸಾಕ್ಷಿ ಈ ಉತ್ತರವೇ. ಮರುದಿನ ಸರಿಯಾದ ಕೋಣೆ ಕೊಡುತ್ತೇವೆ ಎಂದು ಅವರು ಹೇಳಿ, ಮೇಷ್ಟ್ರು ಸಾಮಾನು ಎತ್ತುವುದು ಬೇಡವೆಂದು ನಿರಾಕರಿಸಿದ್ದರೆ, ಎರಡನೆಯ ರಾತ್ರಿಯ ವ್ಯತ್ಯಾಸ ಕೇಳುವುದು ಕಷ್ಟವಾಗುತ್ತಿತ್ತು.

ಹೀಗಾಗಲು ಕಾರಣವೂ ಸರಳ. ಸಣ್ಣ ಹೋಟೆಲಿನಲ್ಲಿ ಕಣಿವೆಯ ಕಡೆಗಿನ ಕೋಣೆಗಳು ನಾಲ್ಕೋ ಐದೋ ಇರುತ್ತವೆ. ಅವನ್ನೇ ಹಲವು ಆ್ಯಪ್‌ಗಳಲ್ಲಿ ಮಾರಾಟಕ್ಕೆ ಇಟ್ಟಿರುತ್ತಾರೆ, ಫೋನಿನಲ್ಲೂ ಕೊಡುತ್ತಾರೆ. ಒಂದು ಕಡೆ ತುಂಬಿದ್ದು ಇನ್ನೊಂದು ಕಡೆ ತಡವಾಗಿ ತಿಳಿದರೆ ಒಂದೇ ಕೋಣೆಗೆ ಇಬ್ಬರು ಬರುತ್ತಾರೆ, ತಡವಾಗಿ ಬಂದವರಿಗೆ ಉಳಿದದ್ದು ಸಿಗುತ್ತದೆ. ಸ್ವಾಗತ ಮೇಜಿನ ಹುಡುಗನ ಕೈಯಲ್ಲಿ ಇದನ್ನು ಸರಿಪಡಿಸುವ ಅಧಿಕಾರ ಇರುವುದಿಲ್ಲ. ಅವನ ಮೇಲೆ ಕೂಗಾಡುವುದರಿಂದ ಏನೂ ಸಿಗುವುದಿಲ್ಲ, ಅದು ಸರಿಯೂ ಅಲ್ಲ.

ದೂರನ್ನು ಆ್ಯಪ್‌ಗೂ ಹೋಟೆಲಿಗೂ ಒಂದೇ ಇಮೇಲ್‌ನಲ್ಲಿ, ಅವರು ಕೋಣೆ ಬಿಡುವ ಮೊದಲೇ ಕಳುಹಿಸಿದೆ. ಮುಂಗಡ ಕಟ್ಟಿದ ಹಣವನ್ನು ಆ್ಯಪ್‌ಗಳು ಸಾಮಾನ್ಯವಾಗಿ ಹೋಟೆಲಿಗೆ ದಾಟಿಸುವುದು ಅತಿಥಿ ಹೊರಟ ನಂತರ. ಅದಕ್ಕೆ ಮೊದಲೇ ದೂರು ದಾಖಲಾದರೆ ಆ ಹಣದಿಂದಲೇ ಕಡಿತ ಮಾಡಬಹುದು. ತಡವಾದರೆ “ಹೋಟೆಲ್ ಒಪ್ಪಬೇಕು” ಎಂದು ಆ್ಯಪ್ ಹೇಳುತ್ತದೆ, “ಆ್ಯಪ್ ಕೇಳಿ” ಎಂದು ಹೋಟೆಲ್ ಹೇಳುತ್ತದೆ, ಗ್ರಾಹಕರು ನಡುವೆ ಅಲೆಯುತ್ತಾರೆ. ಪತ್ರದ ಮುಖ್ಯ ಭಾಗ ಹೀಗಿತ್ತು:

“ವೋಚರಿನಲ್ಲಿರುವುದು ಬಾಲ್ಕನಿ ಸಹಿತ ವ್ಯಾಲಿ ವ್ಯೂ ಡೀಲಕ್ಸ್. ನೀಡಿದ್ದು ನೆಲಮಹಡಿಯ ಸ್ಟ್ಯಾಂಡರ್ಡ್. ಬದಲಿಸಲು ಆಗುವುದಿಲ್ಲವೆಂದು ಹೋಟೆಲ್ ಬರೆದು ತಿಳಿಸಿದೆ. ಕಾಯ್ದಿರಿಸಿದ ದಿನ ನಿಮ್ಮ ಪುಟದಲ್ಲಿ ಇದೇ ದಿನಾಂಕಗಳಿಗೆ ಡೀಲಕ್ಸ್ ದರ 4,800, ಸ್ಟ್ಯಾಂಡರ್ಡ್ ದರ 3,400. ವ್ಯತ್ಯಾಸ ರಾತ್ರಿಗೆ 1,400, ಎರಡು ರಾತ್ರಿಗೆ 2,800. ಅದರ ಮೇಲೆ ಕಟ್ಟಿದ ಶೇ. 5 ತೆರಿಗೆ 140. ಒಟ್ಟು 2,940 ರೂಪಾಯಿಯನ್ನು ಹಣ ಕಟ್ಟಿದ ಖಾತೆಗೇ ಮರುಪಾವತಿಸಿ.”

ಪತ್ರದಲ್ಲಿ ‘ಮೋಸ’ ಎಂಬ ಪದ ಇಲ್ಲ, ಜಾಲತಾಣದ ಚಿತ್ರಗಳ ಪ್ರಸ್ತಾಪವೂ ಇಲ್ಲ. ಚಿತ್ರಗಳ ಕೆಳಗೆ ‘ಮಾದರಿಗಾಗಿ ಮಾತ್ರ’ ಎಂದು ಸಣ್ಣದಾಗಿ ಬರೆದಿರುವುದು ಉಂಟು, ಅದನ್ನೇ ಹಿಡಿದು ವಾದ ಮಾಡುತ್ತಾರೆ. ಕೋಣೆಯ ಬಗೆಯ ಹೆಸರು, ಬಾಲ್ಕನಿ, ಚದರಡಿ ಇವು ಅಕ್ಷರದಲ್ಲಿರುತ್ತವೆ. ಅವುಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಾಗೆಯೇ ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ಸಾಲು ದಿನಗಟ್ಟಲೆ ಮಂಜಿನಲ್ಲಿ ಮುಚ್ಚಿಹೋಗಿ ಕಣಿವೆ ಕಾಣದಿದ್ದರೆ ಅದು ಹೋಟೆಲಿನ ತಪ್ಪಲ್ಲ. ಅಂಥ ದೂರುಗಳನ್ನು ನಾನು ಬರೆದುಕೊಡುವುದಿಲ್ಲ, ನಿಜವಾದ ದೂರುಗಳ ಬೆಲೆಯೂ ಅದರಿಂದ ಕುಗ್ಗುತ್ತದೆ.

ಹೋಟೆಲಿನವರು ಮೊದಲು ಮುಂದಿನ ಭೇಟಿಗೆ 500 ರೂಪಾಯಿ ರಿಯಾಯಿತಿ ಕೊಡುತ್ತೇವೆ ಎಂದರು. ಬೇಡವೆಂದೆವು. ಆ ಮೇಲೆ ರಜೆಯ ವಾರ ಸ್ಟ್ಯಾಂಡರ್ಡ್ ಕೋಣೆಯೂ 4,200ಕ್ಕೆ ಹೋಗಿತ್ತು, ವ್ಯತ್ಯಾಸ 600 ಮಾತ್ರ ಎಂದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ, ಕೊನೆಯ ದಿನಗಳಲ್ಲಿ ದರ ಏರಿಯೇ ಇತ್ತು. ಆದರೆ ಡೀಲಕ್ಸ್ ದರವೂ ಅದರ ಜೊತೆ ಏರಿತ್ತು. ಮೇಷ್ಟ್ರು ಕೊಂಡದ್ದು ಕಾಯ್ದಿರಿಸಿದ ದಿನದ ದರಕ್ಕೆ, ಹಾಗಾಗಿ ಹೋಲಿಕೆಯೂ ಆ ದಿನದ್ದೇ ಆಗಬೇಕು. ಎರಡೂ ಬಗೆಯ ದರ ಒಟ್ಟಿಗೆ ಕಾಣುವ ಪುಟವನ್ನು ಕಾಯ್ದಿರಿಸುವಾಗಲೇ ಉಳಿಸಿಕೊಳ್ಳುವುದು ನಮ್ಮ ಕಚೇರಿಯ ರೂಢಿ. ಅದನ್ನು ಕಳುಹಿಸಿದ ಮೇಲೆ ಹೋಟೆಲ್ ಒಪ್ಪಿತು, 2,940 ರೂಪಾಯಿ ಮೇಷ್ಟ್ರ ಖಾತೆಗೆ ಬಂತು.

ಒಪ್ಪದಿದ್ದರೆ ಮುಂದಿನ ದಾರಿಯನ್ನು ಅವರಿಗೆ ಆಗಲೇ ಹೇಳಿದ್ದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆ್ಯಪ್‌ನ ಕುಂದುಕೊರತೆ ಅಧಿಕಾರಿ ದೂರು ಬಂದದ್ದನ್ನು 48 ಗಂಟೆಯೊಳಗೆ ಖಚಿತಪಡಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೇಷ್ಟ್ರು ಹಾಸನದಲ್ಲೇ ಸಲ್ಲಿಸಬಹುದಿತ್ತು, ಚಿಕ್ಕಮಗಳೂರಿಗೆ ಅಲೆಯುವ ಅಗತ್ಯವಿರಲಿಲ್ಲ. ಇಷ್ಟು ಸಣ್ಣ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಮುಂಗಡ ಕಟ್ಟದೆ, ಹೋಟೆಲಿನಲ್ಲೇ ಹಣ ಕೊಡುವಂತೆ ಕಾಯ್ದಿರಿಸಿದವರ ದಾರಿ ಬೇರೆ. ಅವರು ಹೊರಡುವ ದಿನ ಬಿಲ್ಲು ಮಾಡಿಸುವಾಗಲೇ, ಕೊಟ್ಟ ಕೋಣೆಯ ಬಗೆಯನ್ನೂ ಅದರ ದರವನ್ನೂ ಬಿಲ್ಲಿನಲ್ಲಿ ನಮೂದಿಸಲು ಕೇಳಬೇಕು. ಡೀಲಕ್ಸ್ ಎಂದೇ ಬರೆದ ಬಿಲ್ಲಿಗೆ ಪೂರ್ತಿ ಹಣ ಕೊಟ್ಟು ಬಂದ ಮೇಲೆ, ಸಿಕ್ಕಿದ್ದು ಸ್ಟ್ಯಾಂಡರ್ಡ್ ಎಂದು ತೋರಿಸಲು ಅವರ ಬಳಿ ಫೋಟೊಗಳು ಮಾತ್ರ ಉಳಿಯುತ್ತವೆ.